ಜೂನ್ ತಿಂಗಳ 34 ಡಿಗ್ರಿ ಮೇ ತಿಂಗಳ 40ಕ್ಕಿಂತ ಹಗುರವಲ್ಲ: ಇಬ್ಬನಿ ಬಿಂದು ಹೇಳುವ ಸತ್ಯ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಉಷ್ಣಮಾಪಕ 40 ಡಿಗ್ರಿ ತೋರಿಸುವುದು ಹೊಸ ಸಂಗತಿಯೇನಲ್ಲ. ಬಿಸಿಲಿನ ಝಳಕ್ಕೆ ಕಣ್ಣು ಕತ್ತಲೆಗಟ್ಟುತ್ತದೆ, ತುಟಿ ಒಣಗುತ್ತದೆ. ಆದರೂ ಬೇವಿನ ಮರದ ನೆರಳಿಗೆ ಸರಿದು, ಮಡಕೆಯ ನೀರು ಕುಡಿದು ತುಸು ಹೊತ್ತು ಕುಳಿತವನು ಸುಧಾರಿಸಿಕೊಳ್ಳುತ್ತಾನೆ. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿದರೆ ನಿದ್ದೆಯೂ ಬರುತ್ತದೆ. ಜೂನ್ ನಡುವಿನಲ್ಲಿ ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಉಷ್ಣತೆ 34ಕ್ಕೆ ಇಳಿದಿರುತ್ತದೆ. ಬೇಸಿಗೆ ಮುಗಿಯಿತೆಂದು ಹಿರಿಯರು ಹೇಳುತ್ತಾರೆ. ಆದರೆ ತರಗತಿಯಲ್ಲಿ ಕುಳಿತ ಮಕ್ಕಳ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಫ್ಯಾನಿನ ಕೆಳಗೂ ಬೆವರು ಆರುವುದಿಲ್ಲ. ಮಧ್ಯಾಹ್ನದ ಊಟದ ನಂತರ ಮಕ್ಕಳು ಡೆಸ್ಕಿನ ಮೇಲೆ ತಲೆಯಿಟ್ಟುಬಿಡುತ್ತಾರೆ. ಮರಾಠಿಯಲ್ಲಿ ಉಕಾಡಾ ಎಂದೂ ಕನ್ನಡದಲ್ಲಿ ಸೆಖೆ ಎಂದೂ ಕರೆಯುವುದು ಇದನ್ನೇ.

ಆರು ಡಿಗ್ರಿ ಇಳಿದ ಮೇಲೂ ಮೈಗೆ ಹಿತವೇಕೆ ಆಗಲಿಲ್ಲ? ಗಾಳಿಯಲ್ಲಿ ತೇವ ಹೆಚ್ಚಾಗಿದೆ ಎಂಬ ಉತ್ತರ ಸರಿಯೇ. ಆದರೆ ಆ ತೇವವನ್ನು ಅಳೆಯಲು ಪತ್ರಿಕೆಗಳು ಸಾಮಾನ್ಯವಾಗಿ ಮುದ್ರಿಸುವ ಶೇಕಡಾವಾರು ಆರ್ದ್ರತೆಯನ್ನು ನೋಡಿದರೆ ಗೊಂದಲವೇ ಹೆಚ್ಚುತ್ತದೆ. ಜೂನ್ ತಿಂಗಳ ಆ ಮಧ್ಯಾಹ್ನದ ಆರ್ದ್ರತೆ ಶೇಕಡಾ 55 ಇರಬಹುದು. ಡಿಸೆಂಬರ್ ತಿಂಗಳ ಮುಂಜಾನೆ ಅದೇ ಊರಿನಲ್ಲಿ ಶೇಕಡಾ 90 ಇರುತ್ತದೆ. ಶೇಕಡಾ 90ರ ಮುಂಜಾನೆಯಲ್ಲಿ ಯಾರಿಗೂ ಸೆಖೆಯಾಗುವುದಿಲ್ಲ. ಬದಲಾಗಿ ಮೈ ಚರ್ಮ ಬಿರಿಯುತ್ತದೆ. ಈ ಒಗಟನ್ನು ಬಿಡಿಸುವ ಅಂಕಿಯೊಂದು ಹವಾಮಾನ ಮುನ್ಸೂಚನೆಯಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಅದೇ ಇಬ್ಬನಿ ಬಿಂದು. ಮರಾಠಿಯಲ್ಲಿ ಅದು ದವಬಿಂದು; ಮೊಬೈಲಿನ ಹವಾಮಾನ ಪುಟಗಳಲ್ಲಿ ಡ್ಯೂ ಪಾಯಿಂಟ್.

ಶೇಕಡಾ ಎಂಬ ಅಳತೆಯ ತೊಡಕು

ಗಾಳಿಯಲ್ಲಿ ಎಷ್ಟು ನೀರಾವಿ ಇರಬಲ್ಲುದು ಎಂಬುದಕ್ಕೆ ಒಂದು ಮಿತಿಯಿದೆ. ಆ ಮಿತಿ ಉಷ್ಣತೆಯೊಡನೆ ಏರುತ್ತದೆ. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಸುಮಾರು 9 ಗ್ರಾಂ ನೀರಾವಿ ಇರಬಲ್ಲುದು. 20 ಡಿಗ್ರಿಯಲ್ಲಿ 17 ಗ್ರಾಂ. 30ರಲ್ಲಿ 30 ಗ್ರಾಂ. 40ರಲ್ಲಿ 51 ಗ್ರಾಂ. ಸಾಪೇಕ್ಷ ಆರ್ದ್ರತೆ ಎಂದರೆ ಈ ಮಿತಿಯ ಎಷ್ಟು ಪಾಲು ತುಂಬಿದೆ ಎಂಬ ಲೆಕ್ಕ. ಹೆಸರಿನಲ್ಲಿಯೇ ಸಾಪೇಕ್ಷ ಎಂಬ ಮಾತಿದೆ. ಅದು ಗಾಳಿಯಲ್ಲಿರುವ ನೀರಿನ ಪ್ರಮಾಣವನ್ನು ಹೇಳುವುದಿಲ್ಲ. ಪಾತ್ರೆ ಎಷ್ಟು ತುಂಬಿದೆ ಎಂಬುದನ್ನಷ್ಟೇ ಹೇಳುತ್ತದೆ. ಆ ಪಾತ್ರೆಯೋ ಬಿಸಿಲೇರಿದಂತೆ ದೊಡ್ಡದಾಗುತ್ತದೆ, ರಾತ್ರಿ ಕಿರಿದಾಗುತ್ತದೆ.

ಒಂದು ಹೋಲಿಕೆಯಿಂದ ಇದು ಸ್ಪಷ್ಟವಾಗುತ್ತದೆ. ಮೇ ತಿಂಗಳ 40 ಡಿಗ್ರಿಯ ಮಧ್ಯಾಹ್ನ ಆರ್ದ್ರತೆ ಶೇಕಡಾ 20 ಎಂದಿರಲಿ. 51 ಗ್ರಾಂಗಳ ಐದನೆಯ ಒಂದು ಭಾಗ, ಎಂದರೆ ಘನ ಮೀಟರಿಗೆ ಸುಮಾರು 10 ಗ್ರಾಂ ನೀರಾವಿ. ಡಿಸೆಂಬರಿನ 13 ಡಿಗ್ರಿಯ ಮುಂಜಾನೆ ಆರ್ದ್ರತೆ ಶೇಕಡಾ 90 ಎಂದಿರಲಿ. 13 ಡಿಗ್ರಿಯ ಗಾಳಿಯ ಮಿತಿಯೇ 11 ಗ್ರಾಂನಷ್ಟು. ಅದರ ಶೇಕಡಾ 90 ಎಂದರೂ ಸುಮಾರು 10 ಗ್ರಾಂ. ಒಂದು ಕಡೆ 20, ಇನ್ನೊಂದು ಕಡೆ 90; ಗಾಳಿಯಲ್ಲಿರುವ ನೀರು ಮಾತ್ರ ಹೆಚ್ಚುಕಡಿಮೆ ಒಂದೇ. ಇನ್ನು ಜೂನ್ ತಿಂಗಳ 34 ಡಿಗ್ರಿ, ಶೇಕಡಾ 55ರ ಮಧ್ಯಾಹ್ನವನ್ನು ಲೆಕ್ಕ ಹಾಕಿದರೆ ನೀರಾವಿ ಘನ ಮೀಟರಿಗೆ 20 ಗ್ರಾಂ ದಾಟುತ್ತದೆ. 20 ಅಡಿ ಉದ್ದ, 16 ಅಡಿ ಅಗಲ, 10 ಅಡಿ ಎತ್ತರದ ತರಗತಿಯ ಕೋಣೆಯಲ್ಲಿ ಸುಮಾರು 90 ಘನ ಮೀಟರ್ ಗಾಳಿ ಇರುತ್ತದೆ. ಮೇ ತಿಂಗಳಲ್ಲಿ ಅದರೊಳಗೆ ಒಂದು ಲೀಟರಿಗೂ ಕಡಿಮೆ ನೀರು ಆವಿಯಾಗಿ ತೇಲುತ್ತಿತ್ತು. ಜೂನಿನಲ್ಲಿ ಎರಡು ಲೀಟರಿಗೆ ಸಮೀಪದ ನೀರು ತೇಲುತ್ತಿದೆ.

ಒಂದೇ ದಿನದಲ್ಲಿಯೂ ಶೇಕಡಾ ಲೆಕ್ಕ ಹೀಗೆಯೇ ಓಲಾಡುತ್ತದೆ. ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯಗಳಲ್ಲಿ ಬೆಳಿಗ್ಗೆ 8.30ಕ್ಕೆ ಮತ್ತು ಸಂಜೆ 5.30ಕ್ಕೆ ಅಳೆದ ಆರ್ದ್ರತೆಯನ್ನು ಪ್ರಕಟಿಸುವ ವಾಡಿಕೆಯಿದೆ. ಮೇ ತಿಂಗಳ ಒಂದು ದಿನ ಬೆಳಿಗ್ಗೆ 29 ಡಿಗ್ರಿಯಲ್ಲಿ ಶೇಕಡಾ 37, ಸಂಜೆ 39 ಡಿಗ್ರಿಯಲ್ಲಿ ಶೇಕಡಾ 21 ಎಂದು ಬಂದರೆ, ಹಗಲಿನಲ್ಲಿ ಗಾಳಿ ಒಣಗಿಹೋಯಿತೆಂದು ಓದುಗ ಭಾವಿಸುತ್ತಾನೆ. ವಾಸ್ತವದಲ್ಲಿ ನೀರಾವಿ ಎಲ್ಲಿಗೂ ಹೋಗಿಲ್ಲ. ಗಾಳಿ ಕಾಯ್ದು ಪಾತ್ರೆ ದೊಡ್ಡದಾಗಿದೆ, ಅಷ್ಟೇ. ಈ ಎರಡೂ ಹೊತ್ತಿನ ಇಬ್ಬನಿ ಬಿಂದುವನ್ನು ಲೆಕ್ಕಹಾಕಿದರೆ ಎರಡೂ ಕಡೆ 13 ಡಿಗ್ರಿಯೇ ಸಿಗುತ್ತದೆ.

ಇಬ್ಬನಿ ಬಿಂದು ಎಂದರೇನು?

ಗಾಳಿಯಲ್ಲಿರುವ ನೀರಾವಿಯನ್ನು ಹಾಗೆಯೇ ಇಟ್ಟು ಗಾಳಿಯನ್ನು ಮಾತ್ರ ತಣ್ಣಗೆ ಮಾಡುತ್ತ ಹೋದರೆ ಪಾತ್ರೆ ಕಿರಿದಾಗುತ್ತ ಬರುತ್ತದೆ. ಒಂದು ಹಂತದಲ್ಲಿ ಅದು ತುಂಬಿಬಿಡುತ್ತದೆ. ಅದಕ್ಕಿಂತ ತುಸು ತಣ್ಣಗಾದರೂ ಹೆಚ್ಚಾದ ಆವಿ ಹನಿಯಾಗಿ ಹೊರಬೀಳುತ್ತದೆ. ಹುಲ್ಲಿನ ಮೇಲೆ ಬಿದ್ದರೆ ಅದು ಇಬ್ಬನಿ, ಗಾಳಿಯಲ್ಲಿಯೇ ತೇಲಿದರೆ ಮಂಜು. ಹೀಗೆ ಹನಿಗಟ್ಟಲು ಆರಂಭವಾಗುವ ಉಷ್ಣತೆಯೇ ಇಬ್ಬನಿ ಬಿಂದು. ಆದುದರಿಂದ ಅದನ್ನು ಶೇಕಡಾವಾರಿನಲ್ಲಿ ಹೇಳದೆ ಡಿಗ್ರಿಯಲ್ಲಿಯೇ ಹೇಳಲಾಗುತ್ತದೆ. ನೀರಾವಿ ಹೆಚ್ಚಿದ್ದರೆ ಇಬ್ಬನಿ ಬಿಂದು ಮೇಲಿರುತ್ತದೆ, ಕಡಿಮೆಯಿದ್ದರೆ ಕೆಳಗಿರುತ್ತದೆ. ಬಿಸಿಲು ಏರಿದರೂ ಇಳಿದರೂ, ಹೊಸ ತೇವ ಬಂದು ಸೇರುವ ತನಕ ಅದು ಹೆಚ್ಚು ಕದಲುವುದಿಲ್ಲ. ಮಧ್ಯಾಹ್ನ ಮೇಲಿನ ಒಣ ಗಾಳಿ ಕೆಳಗಿಳಿದು ಬೆರೆಯುವುದರಿಂದ ಎರಡು ಮೂರು ಡಿಗ್ರಿ ವ್ಯತ್ಯಾಸವಾಗಬಹುದು. ಶೇಕಡಾ ಲೆಕ್ಕದಂತೆ ಅರ್ಧಕ್ಕೆ ಕುಸಿಯುವುದಿಲ್ಲ.

ಮೇಲಿನ ಮೂರು ದಿನಗಳನ್ನು ಈ ಅಳತೆಯಲ್ಲಿ ನೋಡಿದರೆ ಒಗಟು ಬಿಡಿಸಿಕೊಳ್ಳುತ್ತದೆ. ಡಿಸೆಂಬರಿನ ಶೇಕಡಾ 90ರ ಮುಂಜಾನೆಯ ಇಬ್ಬನಿ ಬಿಂದು 11 ಡಿಗ್ರಿ. ಮೇ ತಿಂಗಳ ಶೇಕಡಾ 20ರ ಮಧ್ಯಾಹ್ನದ್ದು 13. ಜೂನಿನ ಶೇಕಡಾ 55ರ ಮಧ್ಯಾಹ್ನದ್ದು ಸುಮಾರು 24. ಮೈ ಯಾವ ದಿನವನ್ನು ಸೆಖೆ ಎಂದಿತೋ ಆ ದಿನವೇ ಪಟ್ಟಿಯಲ್ಲಿ ಎದ್ದು ನಿಲ್ಲುತ್ತದೆ.

ಈ ಏರಿಕೆಗೆ ಕಾರಣ ಗಾಳಿಯ ದಿಕ್ಕು. ಬಾಲಾಘಾಟ ಪ್ರಸ್ಥಭೂಮಿಯ ಮೇಲಿರುವ ಈ ತಾಲೂಕುಗಳಿಗೆ ಬೇಸಿಗೆಯಲ್ಲಿ ಬೀಸುವುದು ಹೆಚ್ಚಾಗಿ ಭೂಮಿಯ ಮೇಲೆಯೇ ಹಾಯ್ದು ಬಂದ ಒಣ ಗಾಳಿ. ಜೂನಿನಲ್ಲಿ ನೈರುತ್ಯ ಮಾರುತ ಅರಬ್ಬೀ ಸಮುದ್ರದ ತೇವವನ್ನು ಹೊತ್ತು ತರುತ್ತದೆ. ಮಳೆ ಬೀಳುವ ಮೊದಲೇ ಆ ತೇವ ಬಂದು ತಲುಪಿರುತ್ತದೆ. ಮೋಡ ಗಟ್ಟಿಯಾಗದೆ ಬಿಸಿಲೂ ಇರುತ್ತದೆ. ಈ ನಡುವಿನ ದಿನಗಳೇ ವರ್ಷದಲ್ಲಿ ಅತಿ ಕಷ್ಟದವು. ದುಡಿಮೆಗಾಗಿ ಮುಂಬಯಿಗೆ ಹೋದ ಮನೆಗಳ ಅನುಭವವೂ ಇದನ್ನೇ ಹೇಳುತ್ತದೆ. ಅಲ್ಲಿ ಮೇ ತಿಂಗಳಲ್ಲಿ ಉಷ್ಣತೆ 33 ದಾಟದಿದ್ದರೂ ಆರ್ದ್ರತೆ ಶೇಕಡಾ 65 ಇದ್ದರೆ ಇಬ್ಬನಿ ಬಿಂದು 25 ಮೀರುತ್ತದೆ. ಅದೇ ಕಡಲ ದಂಡೆಯಲ್ಲಿರುವ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಈ ಸೆಖೆ ತಿಂಗಳುಗಟ್ಟಲೆ ಇರುವಂಥದು. ಗಡಿನಾಡಿನ ಈ ಒಣಸೀಮೆಯ ಮಕ್ಕಳಿಗೆ ಅದು ಜೂನಿನಲ್ಲಿ ಹಠಾತ್ತನೆ ಬರುವ ಅತಿಥಿ.

ಮೈಯ ಲೆಕ್ಕ

ದೇಹ ತನ್ನ ಬಿಸಿಯನ್ನು ಹೊರಹಾಕುವ ಮುಖ್ಯ ಉಪಾಯ ಬೆವರು. ಆದರೆ ಬೆವರು ಸುರಿದರೆ ಸಾಲದು, ಅದು ಆರಬೇಕು. ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 580 ಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಬೇಕಾಗುವುದು 80 ಕ್ಯಾಲರಿ ಮಾತ್ರ. ಆವಿಯಾಗದೆ ಗಲ್ಲದಿಂದ ತೊಟ್ಟಿಕ್ಕಿದ ಬೆವರು ಮಾತ್ರ ದೇಹದ ನೀರನ್ನೂ ಉಪ್ಪನ್ನೂ ಕಳೆಯುತ್ತದೆಯೇ ಹೊರತು ಮೈಯನ್ನು ತಂಪು ಮಾಡುವುದಿಲ್ಲ.

ಬೆವರು ಎಷ್ಟು ಬೇಗ ಆರುತ್ತದೆ ಎಂಬುದನ್ನು ಚರ್ಮದ ಬಳಿಯ ಆವಿಯ ಒತ್ತಡಕ್ಕೂ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ಅಂತರ ನಿರ್ಧರಿಸುತ್ತದೆ. ಬೆವರಿದ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಅಲ್ಲಿಯ ಆವಿಯ ಒತ್ತಡ 56 ಮಿಲಿಬಾರ್. ಗಾಳಿಯ ಆವಿಯ ಒತ್ತಡವನ್ನು ತೀರ್ಮಾನಿಸುವುದು ಇಬ್ಬನಿ ಬಿಂದು ಒಂದೇ. ಅದು 13 ಇದ್ದಾಗ ಒತ್ತಡ 15 ಮಿಲಿಬಾರ್, 24 ಇದ್ದಾಗ ಸುಮಾರು 29. ಹೀಗೆ ಮೇ ತಿಂಗಳಲ್ಲಿ ಬೆವರನ್ನು ಹೊರಗೆ ಎಳೆಯುವ ಅಂತರ 41 ಆಗಿದ್ದುದು ಜೂನಿನಲ್ಲಿ 27ಕ್ಕೆ ಇಳಿಯುತ್ತದೆ. ಬೆವರು ಆರುವ ವೇಗದಲ್ಲಿ ಮೂರನೆಯ ಒಂದು ಭಾಗ ಇಲ್ಲವಾಗುತ್ತದೆ.

ಶೇಕಡಾ ಆರ್ದ್ರತೆ ಮೋಸ ಮಾಡುವುದೂ ಇಲ್ಲಿಯೇ. ಅದು ಸುತ್ತಲಿನ ಗಾಳಿಯ ಉಷ್ಣತೆಯನ್ನು ಆಧಾರವಾಗಿಟ್ಟುಕೊಂಡ ಲೆಕ್ಕ. ಬೆವರು ಆರುವುದೋ ಚರ್ಮದ ಉಷ್ಣತೆಯಲ್ಲಿ. ಡಿಸೆಂಬರಿನ 13 ಡಿಗ್ರಿಯ ಗಾಳಿ ಮೈಗೆ ತಾಗಿದೊಡನೆ ಬೆಚ್ಚಗಾಗುತ್ತದೆ. ಆಗ ಅದರ ಶೇಕಡಾ 90 ಎಂಬುದು ಎಲ್ಲಿಯೋ ಮಾಯವಾಗಿ, ಅದು ಬಲು ಒಣ ಗಾಳಿಯಾಗಿಬಿಡುತ್ತದೆ. ಚಳಿಗಾಲದಲ್ಲಿ ತುಟಿ ಒಡೆಯುವುದಕ್ಕೆ ಇದೇ ಕಾರಣ. ಚರ್ಮದ ಉಷ್ಣತೆ ಹೆಚ್ಚು ಬದಲಾಗದು, ಇಬ್ಬನಿ ಬಿಂದುವೂ ಬಿಸಿಲಿನೊಡನೆ ಬದಲಾಗದು. ಆದುದರಿಂದ ಇವೆರಡರ ಹೋಲಿಕೆ ನೇರವಾದುದು. ಇಬ್ಬನಿ ಬಿಂದುವೇ 35 ಡಿಗ್ರಿಗೆ ಏರಿದರೆ ಬೆವರು ಆರುವ ಮಾತೇ ಇಲ್ಲ. ಸೌದಿ ಅರೇಬಿಯಾದ ಧಹರಾನ್‌ನಲ್ಲಿ 2003ರ ಜುಲೈ 8ರಂದು ಅದು ಈ ಮಟ್ಟ ಮುಟ್ಟಿದ್ದು ವರದಿಯಾಗಿದೆ.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಕೈಪಿಡಿಯ ಪ್ರಕಾರ ಇಬ್ಬನಿ ಬಿಂದು ಸುಮಾರು 13 ಡಿಗ್ರಿಯವರೆಗೆ ಇದ್ದರೆ ಗಾಳಿ ಒಣ ಮತ್ತು ಹಿತ; 13ರಿಂದ 18ರವರೆಗೆ ಅಂಟು ಶುರು; 18 ಮೀರಿದರೆ ತೇವ ಕಾಡುತ್ತದೆ. ಬಿಸಿ ನಾಡಿನವರು ಈ ಮೆಟ್ಟಿಲುಗಳನ್ನು ತುಸು ಮೇಲಕ್ಕೆ ಸರಿಸಿಕೊಳ್ಳಬೇಕು. 21ರ ಸುಮಾರಿಗೆ ಮೈ ಅಂಟತೊಡಗುತ್ತದೆ, 24 ದಾಟಿದರೆ ಯಾರಿಗಾದರೂ ಅಸಹನೀಯ ಎಂದಿಟ್ಟುಕೊಂಡರೆ ನಿತ್ಯದ ಬಳಕೆಗೆ ಸಾಕು.

ರಾತ್ರಿಯ ನಿದ್ದೆಗೂ ಇದೇ ಅಂಕಿ ಉಪಯುಕ್ತ. ಉಷ್ಣತೆ ಇಳಿಯುತ್ತ ಇಬ್ಬನಿ ಬಿಂದುವನ್ನು ಮುಟ್ಟಿದರೆ ಹನಿಗಟ್ಟುವ ಆವಿ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಅಲ್ಲಿಂದ ಕೆಳಗೆ ಇಳಿಯುವುದು ಬಹಳ ನಿಧಾನ. ಮೇ ತಿಂಗಳಲ್ಲಿ 13ರ ತನಕ ಇಳಿಯಲು ದಾರಿ ಖಾಲಿಯಿರುವುದರಿಂದ 40 ಡಿಗ್ರಿಯ ಹಗಲು ಬೆಳಗಿನ ಜಾವ 26ಕ್ಕೆ ಬರುತ್ತದೆ. ಜೂನಿನಲ್ಲಿ 24ರಲ್ಲಿಯೇ ತಡೆ ಬಿದ್ದಿರುತ್ತದೆ.

ಕೂಲರು ಸೋಲುವ ತಿಂಗಳು

ಮರಾಠವಾಡದ ಮನೆಮನೆಯಲ್ಲಿರುವ ಕೂಲರಿನ ಗುಟ್ಟೂ ಇದೇ. ಅದು ಒದ್ದೆಯಾದ ಹುಲ್ಲಿನ ಪರದೆಯ ಮೂಲಕ ಹೊರಗಿನ ಗಾಳಿಯನ್ನು ಎಳೆದು, ನೀರನ್ನು ಆವಿ ಮಾಡಿ ಗಾಳಿಯನ್ನು ತಂಪುಗೊಳಿಸುತ್ತದೆ. 40 ಡಿಗ್ರಿ ಉಷ್ಣತೆ, 13 ಇಬ್ಬನಿ ಬಿಂದು ಇರುವಾಗ ಒಳ್ಳೆಯ ಕೂಲರಿನಿಂದ 26 ಡಿಗ್ರಿಯ ಗಾಳಿ ಬರಬಲ್ಲುದು. ಅದರ ಇಬ್ಬನಿ ಬಿಂದು 21ಕ್ಕೆ ಏರಿರುತ್ತದೆಯಾದರೂ ಹದಿನಾಲ್ಕು ಡಿಗ್ರಿಗಳ ತಂಪಿನ ಮುಂದೆ ಅದು ಸಹ್ಯ.

ಜೂನಿನಲ್ಲಿ 34 ಡಿಗ್ರಿ, 24 ಇಬ್ಬನಿ ಬಿಂದು ಇರುವಾಗ ಅದೇ ಕೂಲರಿನ ಗಾಳಿ 28ಕ್ಕಿಂತ ಕೆಳಗಿಳಿಯದು. ಅದರ ಇಬ್ಬನಿ ಬಿಂದುವೋ 26ಕ್ಕೆ ಏರುತ್ತದೆ. ಗಾಳಿ ತಂಪಾದಷ್ಟು ಬೆವರು ಆರುವುದು ಕುಂಠಿತವಾಗುತ್ತದೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತೆ. ಕಿಟಕಿ ಮುಚ್ಚಿದ್ದರೆ ತೇವ ಕೋಣೆಯಲ್ಲಿಯೇ ಸುತ್ತುತ್ತ ಹೆಚ್ಚುತ್ತ ಹೋಗಿ, ಗೋಡೆ ಹಾಸಿಗೆಗಳೆಲ್ಲ ತಣ್ಣನೆ ಒದ್ದೆಯಾಗುತ್ತವೆ. ಇಬ್ಬನಿ ಬಿಂದು 20 ದಾಟಿದ ಮೇಲೆ ಕೂಲರಿನ ನೀರಿನ ಪಂಪನ್ನು ನಿಲ್ಲಿಸಿ, ಎದುರುಬದುರು ಕಿಟಕಿ ತೆರೆದು, ಬರಿಯ ಗಾಳಿಯನ್ನು ಬಳಸುವುದೇ ಲೇಸು. ಮೇ ತಿಂಗಳಲ್ಲಿ ಗುಡುಗು ಮಳೆ ಬಂದ ಮರುದಿನಕ್ಕೂ ಈ ಮಾತು ಅನ್ವಯಿಸುತ್ತದೆ.

ಮನೆಯಲ್ಲಿಯೇ ಅಳೆಯುವ ಬಗೆ

ವೀಕ್ಷಣಾಲಯಗಳಲ್ಲಿ ಒಂದು ಒಣ ಉಷ್ಣಮಾಪಕ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಇನ್ನೊಂದು ಉಷ್ಣಮಾಪಕ, ಇವೆರಡರ ಅಂತರದಿಂದ ಇಬ್ಬನಿ ಬಿಂದುವನ್ನು ಕೋಷ್ಟಕ ನೋಡಿ ಕಂಡುಹಿಡಿಯುವುದು ರೂಢಿ. ಮಕ್ಕಳು ಅದನ್ನು ಸ್ಟೀಲಿನ ಲೋಟದಿಂದ ನೇರವಾಗಿಯೇ ನೋಡಬಹುದು. ಬ್ರಿಟಿಷ್ ವಿಜ್ಞಾನಿ ಜಾನ್ ಫ್ರೆಡರಿಕ್ ಡೇನಿಯಲ್ 1820ರಲ್ಲಿ ರೂಪಿಸಿದ ಆರ್ದ್ರತಾಮಾಪಕದ ತತ್ತ್ವವೂ ಇದೇ: ಹೊಳೆಯುವ ಮೈಯೊಂದನ್ನು ತಣ್ಣಗೆ ಮಾಡುತ್ತ ಹೋಗಿ, ಅದರ ಮೇಲೆ ಮಸುಕು ಕವಿಯುವ ಕ್ಷಣದ ಉಷ್ಣತೆಯನ್ನು ಓದುವುದು.

ತೆಳುವಾದ, ಹೊಳಪುಳ್ಳ ಲೋಟವೊಂದರ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಮೂರನೆಯ ಒಂದು ಭಾಗ ನೀರು ಹಾಕಿ, ಪಡಸಾಲೆಯ ನೆರಳಿನಲ್ಲಿಡಬೇಕು. ಶಾಲೆಯ ಪ್ರಯೋಗಾಲಯದ ಉಷ್ಣಮಾಪಕವನ್ನು ನೀರಿನಲ್ಲಿ ಅದ್ದಬೇಕು. ಜ್ವರ ನೋಡುವ ಉಷ್ಣಮಾಪಕ 35 ಡಿಗ್ರಿಯಿಂದ ಮೇಲಷ್ಟೇ ಓದುವುದರಿಂದ ಅದು ಕೆಲಸಕ್ಕೆ ಬಾರದು. ಪುಡಿ ಮಾಡಿದ ಮಂಜುಗಡ್ಡೆಯನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಕುತ್ತಿರಬೇಕು. ಹೊರಮೈಯ ಹೊಳಪು ಮಸುಕಾದೊಡನೆ ಉಷ್ಣತೆಯನ್ನು ಬರೆದುಕೊಳ್ಳಬೇಕು. ಬಳಿಕ ಮಂಜುಗಡ್ಡೆ ಹಾಕುವುದನ್ನು ನಿಲ್ಲಿಸಿ, ಮಸುಕು ಅಳಿಯುವಾಗಿನ ಉಷ್ಣತೆಯನ್ನೂ ಬರೆಯಬೇಕು. ಎರಡರ ಸರಾಸರಿಯೇ ಆ ಹೊತ್ತಿನ ಇಬ್ಬನಿ ಬಿಂದು.

ಪ್ರಯೋಗ ಕೆಡುವುದು ಸಾಮಾನ್ಯವಾಗಿ ಮೂರು ಕಾರಣಗಳಿಂದ. ದೊಡ್ಡ ಗಡ್ಡೆ ಹಾಕಿದರೆ ಅದು ತಾಗಿದ ಕಡೆ ಲೋಟ ಬೇಗ ತಣ್ಣಗಾಗಿ ಮಸುಕು ಮೊದಲೇ ಕಾಣುತ್ತದೆ. ಹತ್ತಿರ ಬಗ್ಗಿ ನೋಡಿದರೆ ಉಸಿರಿನ ತೇವವೇ ಲೋಟಕ್ಕೆ ತಾಗುತ್ತದೆ. ಅನ್ನ ಕುದಿಯುವ ಅಡುಗೆಮನೆಯಲ್ಲಿ ಅಳೆದರೆ ಅದು ಅಡುಗೆಮನೆಯ ಲೆಕ್ಕವಾಗುತ್ತದೆ, ಊರಿನದಲ್ಲ. ಮಡಕೆಯ ಹೊರಮೈಯ ತೇವವನ್ನು ನೋಡಿಯೂ ಮೋಸಹೋಗಬಾರದು. ಅದು ಒಳಗಿನ ನೀರು ಜಿನುಗಿದ್ದು. ಸ್ಟೀಲಿನ ಲೋಟದ ಮೇಲಿನದು ಗಾಳಿಯಿಂದ ಬಂದದ್ದು.

ಉಷ್ಣತೆ ಮತ್ತು ಶೇಕಡಾ ಆರ್ದ್ರತೆ ಮಾತ್ರ ಗೊತ್ತಿದ್ದರೆ ಒಂದು ಬಾಯಿಲೆಕ್ಕವಿದೆ. ಆರ್ದ್ರತೆಯನ್ನು 100ರಿಂದ ಕಳೆದು, ಉಳಿದದ್ದನ್ನು 5ರಿಂದ ಭಾಗಿಸಿ, ಅದನ್ನು ಉಷ್ಣತೆಯಿಂದ ಕಳೆಯಬೇಕು. 28 ಡಿಗ್ರಿ, ಶೇಕಡಾ 75 ಎಂದರೆ 25ನ್ನು 5ರಿಂದ ಭಾಗಿಸಿ 5. 28ರಲ್ಲಿ 5 ಕಳೆದರೆ 23. ಜುಲೈ ತಿಂಗಳ ಮೋಡದ ದಿನಕ್ಕೆ ಇದು ಸರಿಯಾದ ಉತ್ತರ. ಆದರೆ ಆರ್ದ್ರತೆ ಶೇಕಡಾ 50ಕ್ಕಿಂತ ಕಡಿಮೆಯಿದ್ದರೆ ಈ ಲೆಕ್ಕವನ್ನು ನಂಬಬಾರದು. ಮೇ ತಿಂಗಳ 40 ಡಿಗ್ರಿ, ಶೇಕಡಾ 20ಕ್ಕೆ ಅದು 24 ಎಂದು ಹೇಳುತ್ತದೆ. ನಿಜ ಇರುವುದು 13.

ಎರಡನ್ನೂ ಓದಬೇಕು

ಇಬ್ಬನಿ ಬಿಂದು ಕಡಿಮೆಯಿದೆ ಎಂದ ಮಾತ್ರಕ್ಕೆ 42 ಡಿಗ್ರಿಯ ಬಿಸಿಲು ನಿರಪಾಯವಾಗುವುದಿಲ್ಲ. ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಅದೇ ಮೈಯನ್ನು ಕಾಯಿಸುತ್ತದೆ. ಬೆವರು ಹುಟ್ಟಿದೊಡನೆ ಆರಿಹೋಗುವುದರಿಂದ ಎಷ್ಟು ನೀರು ಕಳೆಯಿತೆಂಬುದು ತಿಳಿಯುವುದೇ ಇಲ್ಲ. ಒಣ ಅಂಗಿಯ ಹುಡುಗನಿಗೆ ತಲೆಸುತ್ತು ಬರುವುದು ಹೀಗೆಯೇ. ದೇಹಕ್ಕೆ ಎಷ್ಟು ಕೆಲಸ ಬಿದ್ದಿದೆ ಎಂಬುದನ್ನು ಉಷ್ಣತೆ ಹೇಳುತ್ತದೆ. ಆ ಕೆಲಸವನ್ನು ಬೆವರು ಮಾಡಬಲ್ಲುದೇ ಎಂಬುದನ್ನು ಇಬ್ಬನಿ ಬಿಂದು ಹೇಳುತ್ತದೆ. ಉಷ್ಣತೆ ಆರ್ದ್ರತೆಗಳನ್ನು ಕೂಡಿಸಿ ಹವಾಮಾನ ತಜ್ಞರು ಲೆಕ್ಕಹಾಕುವ ತಾಪಸೂಚ್ಯಂಕದಲ್ಲಿ ಮೇ ತಿಂಗಳ ಆ 40 ಡಿಗ್ರಿಯೂ ಜೂನಿನ ಈ 34 ಡಿಗ್ರಿಯೂ ಹೆಚ್ಚುಕಡಿಮೆ ಒಂದೇ ಮೆಟ್ಟಿಲಲ್ಲಿ ನಿಲ್ಲುತ್ತವೆ.

ಶಾಲೆ ಆರಂಭವಾಗುವ ವಾರ ಇದಕ್ಕೆ ನೇರ ಸಂಬಂಧವಿದೆ. ಮುನ್ಸೂಚನೆಯಲ್ಲಿ ಉಷ್ಣತೆ 34, ಇಬ್ಬನಿ ಬಿಂದು 24 ಎಂದಿದ್ದರೆ ಆಟದ ಅವಧಿಯನ್ನು ಮಧ್ಯಾಹ್ನದಿಂದ ಬೆಳಗಿನ ಮೊದಲ ಗಂಟೆಗೆ ತರುವುದು, ತಗಡಿನ ಮಾಡಿನ ಕೋಣೆಗಳಲ್ಲಿ ಎರಡೂ ಬದಿಯ ಕಿಟಕಿ ತೆರೆದಿಡುವುದು, ಮಕ್ಕಳಿಗೆ ತೆಳು ಹತ್ತಿಯ ಬಟ್ಟೆ ತೊಡಿಸುವುದು, ಬಾಯಾರಿಕೆಗೆ ಕಾಯದೆ ನೀರು ಕುಡಿಸುವುದು ಅವಶ್ಯ. ಹಪ್ಪಳ ಸಂಡಿಗೆಗಳನ್ನು ಮೇ ಮುಗಿಯುವುದರೊಳಗೆ ಒಣಗಿಸಿ ಡಬ್ಬಿ ತುಂಬುವ ತಾಯಂದಿರು ಈ ಅಂಕಿಯನ್ನು ಹೆಸರಿಲ್ಲದೆಯೇ ಬಲ್ಲರು. ಜೂನಿನ ಬಿಸಿಲಿನಲ್ಲಿ ಹಪ್ಪಳ ಒಣಗುವುದಿಲ್ಲವೆಂದು ಅವರಿಗೆ ಗೊತ್ತು. ಅದೇ ಬಿಸಿಲಿನಲ್ಲಿ ಮಗುವಿನ ಬೆವರೂ ಒಣಗುವುದಿಲ್ಲ.